ನೂರಾ ಅರವತ್ತರ ನಂತರದ ಪುಟ

“ಪುಸ್ತಕ ಬಂದು ತಿಂಗಳಾಗ್ತಾ ಬಂತಲ್ಲ ಮೇಡಂ, ಇಷ್ಟು ದಿನ ಏನ್ ಮಾಡ್ತಿದ್ರಿ?”

“ಓದ್ತಿದ್ದೆ.”

ಇದನ್ನು ಈ ವಾರ ಮನೆಯಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಆದರೆ ಪುಟ ತಪ್ಪಿದ ಪುಸ್ತಕ ಬದಲಿಸಿಕೊಡಿ ಅಂತ ಅಂಗಡಿಗೆ ಫೋನ್ ಮಾಡಿದಾಗ ಅವರು ಆ ಪ್ರಶ್ನೆ ಕೇಳಿದರೆ ನಗು ಬರಲಿಲ್ಲ, ಮೈ ಉರಿಯಿತು. ಪುಸ್ತಕ ಮಾರುವವರೇ ಹೀಗೆ ಕೇಳಿದರೆ ಹೇಗೆ?

ಕಾದಂಬರಿಯೊಂದರ ಮರುಮುದ್ರಣ, 240 ಪುಟ. 160ನೇ ಪುಟದ ಕೊನೆಯಲ್ಲಿ ಅಣ್ಣ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದ. ಪಕ್ಕದ ಪುಟಕ್ಕೆ ಬಂದರೆ ಮತ್ತೆ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾನೆ. ಪುಟಸಂಖ್ಯೆ ನೋಡಿದೆ, 145. ಹದಿನಾರು ಪುಟ ಎರಡನೇ ಸಲ ಬಂದಿವೆ. ಅವನ್ನು ದಾಟಿ ಹೋದರೆ ನೇರ 177. ಅಲ್ಲಿ ಅಣ್ಣನ ತಿಥಿ! ಹೇಗೆ ಸತ್ತ, ಯಾಕೆ ಸತ್ತ ಅನ್ನೋದು ಆ ಇಲ್ಲದ ಪುಟಗಳಿಗೇ ಗೊತ್ತು.

ಇದು ಕೊರಿಯರ್‌ನಲ್ಲಿ ಆಗುವ ಹಾನಿಯಲ್ಲ. ಪುಟ ಹರಿದಿದ್ದರೆ, ಬೇರೆ ಆವೃತ್ತಿ ಬಂದಿದ್ದರೆ ಪೊಟ್ಟಣ ಬಿಚ್ಚಿದ ದಿನವೇ ಗೊತ್ತಾಗುತ್ತದೆ. ಇದು ಬೈಂಡಿಂಗ್‌ನಲ್ಲಿ ಆದ ತಪ್ಪು. ಪುಸ್ತಕವನ್ನು ಒಂದೊಂದೇ ಪುಟವಾಗಿ ಅಚ್ಚು ಮಾಡುವುದಿಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಎಂಟೆಂಟು ಪುಟ ಮುದ್ರಿಸಿ ಮಡಚುತ್ತಾರೆ. ಆ ಹದಿನಾರು ಪುಟದ ಕಟ್ಟಿಗೆ ಒಂದು ಫಾರಂ ಅನ್ನುತ್ತಾರೆ. ನನ್ನ ಪುಸ್ತಕದಲ್ಲಿ ಅಂಥವು ಹದಿನೈದು. ಎಲ್ಲವನ್ನೂ ಸಾಲಾಗಿ ಗುಡ್ಡೆ ಹಾಕಿ, ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿ ಜೋಡಿಸಿ, ಬೆನ್ನಿಗೆ ಗೋಂದು ಹಾಕುತ್ತಾರೆ. ಹನ್ನೊಂದನೇ ಫಾರಂ ಇರಬೇಕಾದ ಜಾಗದಲ್ಲಿ ಯಾರೋ ಹತ್ತನೆಯದನ್ನೇ ಇಟ್ಟರೆ ಮುಗಿಯಿತು. ಪುಸ್ತಕದ ದಪ್ಪ ಅಷ್ಟೇ, ತೂಕವೂ ಅಷ್ಟೇ. ಓದುವವರ ಕೈಗೆ ಬರುವ ತನಕ ಯಾರಿಗೂ ಅನುಮಾನ ಬರುವುದಿಲ್ಲ.

ಅಂಗಡಿಯವರ ನಿಯಮ ಮಾತ್ರ ಏಳು ದಿನ. ಜೊತೆಗೆ ಇನ್ನೊಂದು ಪ್ರಶ್ನೆ: “ಪಾರ್ಸೆಲ್ ಓಪನ್ ಮಾಡೋ ವಿಡಿಯೋ ಇದೆಯಾ?” ಮಿಕ್ಸಿ ಒಡೆದು ಬಂದಿದ್ದರೆ ವಿಡಿಯೋದಲ್ಲಿ ಕಾಣುತ್ತದೆ. 161ನೇ ಪುಟ ಇಲ್ಲ ಅನ್ನೋದನ್ನ ಯಾವ ವಿಡಿಯೋ ತೋರಿಸುತ್ತದೆ? ಅವರು ಕೆಟ್ಟ ಮನುಷ್ಯರಲ್ಲ, ಬೇರೆ ಏನೋ ಮಾರುವವರ ನಿಯಮ ತಂದು ಅಂಟಿಸಿಕೊಂಡಿದ್ದಾರೆ, ಅಷ್ಟೇ. ಆಮೇಲೆ “ಪ್ರಕಾಶಕರನ್ನ ಕೇಳಿ” ಅಂದರು. ನಾನು ದುಡ್ಡು ಕೊಟ್ಟದ್ದು ಪ್ರಕಾಶಕರಿಗಲ್ಲವಲ್ಲ. ಪ್ರಕಾಶಕರಿಂದ ಬದಲಿ ಪ್ರತಿ ತರಿಸಿಕೊಳ್ಳುವುದು ಅವರಿಬ್ಬರ ಲೆಕ್ಕ.

ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ವಸ್ತುವಿನಲ್ಲಿ ದೋಷವಿದ್ದರೆ ಅದನ್ನು ವಾಪಸ್ ಪಡೆಯುವುದಿಲ್ಲ, ದುಡ್ಡು ಕೊಡುವುದಿಲ್ಲ ಅಂತ ಮಾರುವವರು ಹೇಳುವಂತಿಲ್ಲ. ದೂರು ಕೊಟ್ಟರೆ 48 ಗಂಟೆಯೊಳಗೆ ತಲುಪಿತು ಅನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ನಾನು ಅಲ್ಲಿಗೆ ಹೋಗಲಿಲ್ಲ. 160, ಪಕ್ಕದಲ್ಲೇ 177, ಎರಡೂ ಕಾಣುವ ಫೋಟೋ ಒಂದನ್ನು ವಾಟ್ಸಾಪ್ ಮಾಡಿ ಮತ್ತೆ ಫೋನ್ ಮಾಡಿದೆ.

“ಸರಿ ಮೇಡಂ, ಬೇರೆ ಕಾಪಿ ಕಳಿಸ್ತೀನಿ.”

“ಕಳಿಸೋಕೆ ಮುಂಚೆ ಒಮ್ಮೆ 160 ತೆಗೆದು ನೋಡಿ ಸಾರ್.”

ಪುಟ ಸರಸರ ತಿರುಗಿಸುವ ಸದ್ದು. ಸ್ವಲ್ಪ ಹೊತ್ತು ಮಾತಿಲ್ಲ. “ಅಯ್ಯೋ, ಇದ್ರಲ್ಲೂ ಇಲ್ವಲ್ಲ.”

ನನಗೆ ಆಶ್ಚರ್ಯವಾಗಲಿಲ್ಲ. ಗುಡ್ಡೆಯೇ ತಪ್ಪಾಗಿದ್ದರೆ ಅದು ಮುಗಿಯುವ ತನಕ ಅಥವಾ ಯಾರಾದರೂ ಗಮನಿಸುವ ತನಕ ಕಟ್ಟಿದ ಪುಸ್ತಕಗಳೆಲ್ಲ ಹೀಗೇ ಇರುತ್ತವೆ. ಅದೇ ಬಂಡಲ್‌ನಿಂದ ಬದಲಿ ಪ್ರತಿ ಎತ್ತಿದರೆ ಮತ್ತೆ ಅದೇ ಕಥೆ. ಅವರು ಬೇರೆ ಬಂಡಲ್ ಬಿಚ್ಚಿ, ಪುಟಗಳೆಲ್ಲ ಸರಿಯಿದ್ದ ಪ್ರತಿಯನ್ನು ತಮ್ಮದೇ ಖರ್ಚಿನಲ್ಲಿ ಕಳಿಸಿದರು. ಈಗ ನಾನು ಪುಸ್ತಕ ಬಂದ ಕೂಡಲೇ ಹದಿನಾರರ ಮಗ್ಗಿ ಹೇಳುತ್ತೇನೆ: 16ರ ಮುಂದೆ 17 ಇದೆಯಾ, 32ರ ಮುಂದೆ 33, 48ರ ಮುಂದೆ 49. ಮುನ್ನುಡಿಗೆ ಬೇರೆ ಸಂಖ್ಯೆ ಕೊಟ್ಟಿದ್ದರೆ ಜಾಗ ಆಚೀಚೆ ಆಗುತ್ತದೆ, ಆದರೆ ಒಮ್ಮೆ ಹೊಂದಿಸಿಕೊಂಡರೆ ಆಮೇಲೆ ಹದಿನಾರರ ಅಂತರವೇ. ಎರಡು ನಿಮಿಷದ ಕೆಲಸ. ಅಂಗಡಿಯವರೂ ಪ್ರತಿ ಬಂಡಲ್‌ನಲ್ಲಿ ಒಂದು ಪ್ರತಿಗೆ ಇಷ್ಟು ಮಾಡಿದರೆ ಸಾಕು.

“ಹಳೇದು ನೀವೇ ಇಟ್ಕೊಳ್ಳಿ ಮೇಡಂ” ಅಂದರು. ಉದಾರವಾಗಿಯೇ ಅಂದರು. ನಾನು ಒಪ್ಪಲಿಲ್ಲ. ಕೆಟ್ಟ ಪ್ರತಿ ವಾಪಸ್ ಹೋಗದಿದ್ದರೆ ಪ್ರಕಾಶಕರಿಗೆ ಗೊತ್ತಾಗುವುದು ಹೇಗೆ? ಇನ್ನೊಂದು ಮಾತೂ ಕೇಳಿದೆ. ಅದೇ ಬಂಡಲ್‌ನಿಂದ ತೆಗೆದುಕೊಂಡ ಬೇರೆಯವರ ನಂಬರ್ ನಿಮ್ಮ ಹತ್ತಿರ ಇದೆಯಲ್ಲ, ಒಂದು ಮೆಸೇಜ್ ಹಾಕಬಹುದಲ್ವಾ? ಅವರಲ್ಲಿ ಎಷ್ಟೋ ಜನ ಇನ್ನೂ 160 ತಲುಪಿರುವುದಿಲ್ಲ. ತಲುಪುವ ಹೊತ್ತಿಗೆ ಏಳು ದಿನ ಎಂದೋ ದಾಟಿರುತ್ತದೆ. ನನ್ನ ಪ್ರಕಾರ ಅಂಗಡಿಯವರು ಕೊಡಬೇಕಾದ ಬಾಕಿ ನನಗೊಬ್ಬಳಿಗೆ ಬದಲಿ ಪ್ರತಿ ಕಳಿಸಿದ ಮಾತ್ರಕ್ಕೆ ತೀರುವುದಿಲ್ಲ.

“ಕಂಪ್ಲೇಂಟ್ ಬಂದ್ರೆ ನೋಡೋಣ ಮೇಡಂ” ಅಂದು ಫೋನ್ ಇಟ್ಟರು.