ಬೇಕಲ ಕೋಟೆಗೆ 46 ಮಕ್ಕಳು, ಬಸ್ಸಿನಲ್ಲಿ ಉಳಿದ ಫೈಲು

ಬೇಕಲ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಟೀಚರುಗಳಿಗೆ ಮೊದಲು ಬಸ್ಸಿನ ವಿಷಯ ಹೇಳಬೇಕು. ನಮಗೆ ಮೋಸ ಆದದ್ದು ಅಲ್ಲಿ.

ನಾವು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಕನ್ನಡ ಶಾಲೆಯವರು. ಆರು ಮತ್ತು ಏಳನೇ ತರಗತಿಯ 46 ಮಕ್ಕಳು, ನಾಲ್ವರು ಅಧ್ಯಾಪಕರು. ಡಿಸೆಂಬರಿನ ಒಂದು ಶನಿವಾರ. ಬೆಳಿಗ್ಗೆ ಅನಂತಪುರದ ಕೆರೆ ದೇವಸ್ಥಾನ ನೋಡಿದೆವು, ಅದರ ಬಗ್ಗೆ ಹೇಳುವುದೇನಿಲ್ಲ, ಚೆನ್ನಾಗಿತ್ತು. ಅಲ್ಲಿಂದ ಚಂದ್ರಗಿರಿ ಸೇತುವೆ ದಾಟಿ ಉದುಮ, ಪಾಲಕುನ್ನು ದಾರಿಯಾಗಿ ಹನ್ನೊಂದು ಗಂಟೆಗೆ ಬೇಕಲ ತಲುಪಿದೆವು. ಬಸ್ಸು ಇಡೀ ದಿನಕ್ಕೆ ಮಾತಾಗಿತ್ತು. ನಾವು ಇಳಿದು ಒಳಗೆ ಹೋದ ಮೇಲೆ ಡ್ರೈವರ್ ಬಸ್ಸು ತೆಗೆದುಕೊಂಡು ಇನ್ನೊಂದು ಟ್ರಿಪ್ ಹೊಡೆಯಲು ಹೋಗಿದ್ದರು. ನಮಗೆ ಹೇಳಿರಲಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬಸ್ಸಿನಲ್ಲಿತ್ತು. ಹೆತ್ತವರ ಒಪ್ಪಿಗೆ ಪತ್ರ, ಫೋನ್ ನಂಬರ್ ಇರುವ ಫೈಲೂ ಅದೇ ಸೀಟಿನ ಮೇಲಿತ್ತು.

ಕೋಟೆ ದೊಡ್ಡದು, ಸುಮಾರು 40 ಎಕರೆ. ಪೂರ್ತಿ ಕೆಂಪುಕಲ್ಲಿನದ್ದು. ಮಳೆಗಾಲದಲ್ಲಿ ಪಾಚಿ ಇರುತ್ತದೆ, ಜಾಗ್ರತೆ ಅಂತ ಎಲ್ಲರೂ ಹೇಳುತ್ತಾರೆ. ಡಿಸೆಂಬರಿನಲ್ಲಿ ಪಾಚಿ ಇಲ್ಲ, ಒಣಗಿದ ಕಲ್ಲಿನ ಹುಡಿ ಇರುತ್ತದೆ. ಸವೆದ ಮೆಟ್ಟಿಲಿನ ಮೇಲೆ ಆ ಹುಡಿ ಕಾಳು ಚೆಲ್ಲಿದ ಹಾಗೆ. ನುಣುಪಾದ ಅಡಿಯ ಚಪ್ಪಲಿ ಹಾಕಿದರೆ ಇಳಿಯುವಾಗ ಕಾಲು ನಿಲ್ಲುವುದಿಲ್ಲ. ಹತ್ತುವಾಗ ಗೊತ್ತೇ ಆಗುವುದಿಲ್ಲ. ಮಕ್ಕಳಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿಯೋ ಶೂವೋ ಬೇಕು. ಸಮುದ್ರದ ಕಡೆಯ ಕೊತ್ತಲದಿಂದ ಎಂಟೆಂಟು ಮಕ್ಕಳನ್ನೇ ಇಳಿಸಿ, ಕೆಳಗೆ ಒಬ್ಬರು ಟೀಚರ್ ನಿಂತಿರಲಿ. ನಾವು ನಾಲ್ವರೂ ಮೇಲೆ ಇದ್ದೆವು.

11:40ಕ್ಕೆ ಆರನೇ ತರಗತಿಯ ಒಂದು ಹುಡುಗಿ ಬಿದ್ದಳು. ನಾಲ್ಕು ಮೆಟ್ಟಿಲು ಅಷ್ಟೇ. ಎಡಕೈ ಊರಿ ಬಿದ್ದಿದ್ದಳು, ಗಲ್ಲ ಸ್ವಲ್ಪ ಕೊಯ್ದಿತ್ತು. ನಾನು ಹತ್ತಿರ ಹೋಗುವಾಗ ಕೂತು ಅಳುತ್ತಿದ್ದಳು. ಅಳುವುದು ಆ ಹೊತ್ತಿಗೆ ಒಳ್ಳೆಯ ಲಕ್ಷಣ, ಎಚ್ಚರ ಇದೆ ಅಂತ ಅರ್ಥ. ಕತ್ತು, ಬೆನ್ನು ನೋಯುತ್ತದಾ ಅಂತ ಕೇಳಿದೆ. ಇಲ್ಲ ಅಂದಳು. ಹೌದು ಅಂದಿದ್ದರೆ ಅವಳನ್ನು ಅಲುಗಿಸದೆ 108ಕ್ಕೆ ಕಾಯಬೇಕಿತ್ತು. ಮಣಿಗಂಟಿನ ಮೇಲೆ ಕೈ ಚಮಚದ ಹಿಡಿಯ ಹಾಗೆ ಬಾಗಿತ್ತು. ಅದನ್ನು ಕಂಡರೆ ಎಕ್ಸ್‌ರೇ ತನಕ ಮುರಿದಿದೆ ಅಂತಲೇ ತಿಳಿದು ನಡೆಯಬೇಕು.

ಒಬ್ಬರು ಕೈ ನೇರ ಮಾಡಲು ಬಂದರು, ಎಣ್ಣೆ ತಿಕ್ಕಿ ಅಂದರು. ಬಿಡಲಿಲ್ಲ. ಮೊದಲು ಬಳೆ ಮತ್ತು ಕೈಗೆ ಕಟ್ಟಿದ ನೂಲು ತೆಗೆದೆ. ಇದನ್ನು ಯಾರೂ ನೆನಪು ಮಾಡುವುದಿಲ್ಲ. ಅರ್ಧ ಗಂಟೆಯಲ್ಲಿ ಕೈ ಊದಿಕೊಂಡರೆ ಆ ನೂಲೇ ರಕ್ತ ತಡೆಯುತ್ತದೆ. ಪೆಟ್ಟಿಗೆ ಇಲ್ಲ, ಹಾಗಾಗಿ ಯಾರದ್ದೋ ಬ್ಯಾಗಿನಲ್ಲಿದ್ದ ದಿನಪತ್ರಿಕೆ ದಪ್ಪಕ್ಕೆ ಮಡಚಿ, ಬೆರಳಿನ ಬುಡದಿಂದ ಮೊಣಕೈ ತನಕ ಕೈಯಡಿಗೆ ಇಟ್ಟೆ. ಕೈ ಹೇಗೆ ಬಾಗಿತ್ತೋ ಹಾಗೆಯೇ ಇರಲಿ ಅಂತ ಎರಡು ಕರವಸ್ತ್ರದಿಂದ ಸಡಿಲವಾಗಿ ಕಟ್ಟಿದೆ. ಹಿಂದಿ ಟೀಚರ್ ತಮ್ಮ ಶಾಲು ಕೊಟ್ಟರು, ಅದನ್ನು ಕುತ್ತಿಗೆಗೆ ಜೋಲಿ ಹಾಕಿದೆವು. ಕಟ್ಟಿದ ಮೇಲೆ ಉಗುರು ಒತ್ತಿ ಬಿಡಬೇಕು. ಬಿಳಿಚಿದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾದರೆ ಸರಿ. ನಿಧಾನವಾದರೆ, ಬೆರಳು ತಣ್ಣಗಾದರೆ, ಜುಮುಜುಮು ಅಂದರೆ ಕಟ್ಟು ಬಿಗಿಯಾಗಿದೆ, ಸಡಿಲಿಸಬೇಕು. ದಾರಿಯಲ್ಲಿ ಎರಡು ಸಲ ಹೀಗೆ ನೋಡಿದೆ. ಗಲ್ಲಕ್ಕೆ ನೀರು ಹೊಯ್ದು ಶುದ್ಧ ಬಟ್ಟೆ ಒತ್ತಿ ಹಿಡಿದೆವು. ಗೇಟಿನ ಹೊರಗಿನ ಶರಬತ್ತಿನವರು ಐಸ್ ಕೊಟ್ಟರು, ಅದನ್ನು ಬಟ್ಟೆಯಲ್ಲಿ ಸುತ್ತಿಯೇ ಇಟ್ಟೆವು.

ಪಾಪ, ಮಕ್ಕಳು ಅವಳಿಗೆ ಜ್ಯೂಸ್ ತಂದರು. ಕುಡಿಸಲಿಲ್ಲ. ಮೂಳೆ ಕೂರಿಸಲು ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು ಅದೇ: ಕೊನೆಗೆ ಏನು ತಿಂದಳು, ಎಷ್ಟು ಗಂಟೆಗೆ? ಹನ್ನೊಂದಕ್ಕೆ ಬಸ್ ಇಳಿಯುವಾಗ ಬಿಸ್ಕತ್ತು ತಿಂದಿದ್ದಳು. ಅದರಿಂದ ಆರು ಗಂಟೆ ಲೆಕ್ಕ ಹಾಕಿ ಸಂಜೆ ಐದಕ್ಕೆ ಒಳಗೆ ಕರೆದುಕೊಂಡು ಹೋದರು. ಜ್ಯೂಸ್ ಕುಡಿಸಿದ್ದರೆ ಆ ಲೆಕ್ಕದಲ್ಲಿ ಅದೂ ಸೇರುತ್ತಿತ್ತು.

ಬಸ್ಸು ಇಲ್ಲ, ಡ್ರೈವರ್ ಫೋನ್ ತೆಗೆಯುತ್ತಿಲ್ಲ. 11:55ಕ್ಕೆ ಆಟೋ ಹಿಡಿದು ಕಾಞಂಗಾಡಿನ ಕಡೆ ಹೊರಟೆ. ಜೊತೆಗೆ ಅವಳ ನೆರೆಮನೆಯ ಹುಡುಗಿಯನ್ನೂ ಹತ್ತಿಸಿಕೊಂಡೆ. ಬಿದ್ದ ಹುಡುಗಿ ತುಳು ಮಾತ್ರ ಸರಾಗವಾಗಿ ಆಡುತ್ತಾಳೆ, ನೋವಿನಲ್ಲಿ ಕನ್ನಡವೂ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳುವುದು ಮಲಯಾಳದಲ್ಲಿ. ಈ ಗೆಳತಿಗೆ ಎರಡೂ ಬರುತ್ತದೆ. ತಲೆಸುತ್ತು ಇದೆಯಾ, ವಾಂತಿ ಬಂತಾ ಅಂತ ಡಾಕ್ಟರ್ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು ಅವಳಿಂದಲೇ. ಕರೆದುಕೊಂಡು ಹೋದದ್ದು ತಪ್ಪಲ್ಲ. ಯಾರಿಗೂ ಹೇಳದೆ ಹೋದದ್ದು ನನ್ನ ತಪ್ಪು.

ಅಲ್ಲಿ ಕೋಟೆಯಲ್ಲಿ ಪಿ.ಟಿ. ಮಾಷ್ಟ್ರು ಮಕ್ಕಳನ್ನು ಸಾಲು ನಿಲ್ಲಿಸಿ ತಲೆ ಎಣಿಸಿದರು. 46ರಲ್ಲಿ ಒಬ್ಬಳು ಆಸ್ಪತ್ರೆಗೆ, ಉಳಿದವರು 45 ಇರಬೇಕು. ಎಣಿಸಿದರೆ 44. ಮೂರು ಸಲ ಎಣಿಸಿದರು, 44. ಇಬ್ಬರು ಟೀಚರು ಮೆಟ್ಟಿಲಿರುವ ಕೊಳಕ್ಕೂ ಸಮುದ್ರದ ಬದಿಗೂ ಓಡಿದರು. ಕೊಳದ ನೀರು ನೋಡುತ್ತಾ ನಿಂತ ಆ ಹೊತ್ತಿನ ಬಗ್ಗೆ ಹಿಂದಿ ಟೀಚರ್ ಈಗಲೂ ಮಾತಾಡುವುದಿಲ್ಲ. ನನಗೆ ಫೋನ್ ಮಾಡಿದರು, ನನ್ನ ಲೈನ್ ಬ್ಯುಸಿ. 25 ನಿಮಿಷ ಹಾಗೆ ಕಳೆಯಿತು.

ತಲೆ ಎಣಿಸಿದರೆ ಒಬ್ಬರು ಇಲ್ಲ ಅಂತ ಗೊತ್ತಾಗುತ್ತದೆ, ಯಾರು ಇಲ್ಲ ಅಂತ ಗೊತ್ತಾಗುವುದಿಲ್ಲ. ಹೆಸರು ಕೂಗಿದ್ದರೆ ಎರಡೇ ನಿಮಿಷ. ಆ ಹೆಸರು ಕೇಳಿದ ತಕ್ಷಣ ‘ಅವಳು ಟೀಚರ್ ಜೊತೆ ಆಟೋದಲ್ಲಿ ಹೋದಳು’ ಅಂತ ಯಾವುದಾದರೂ ಮಗು ಹೇಳುತ್ತಿತ್ತು. ಆದರೆ ಹೆಸರಿನ ಪಟ್ಟಿ ಫೈಲಿನಲ್ಲಿ, ಫೈಲು ಬಸ್ಸಿನಲ್ಲಿ. ಈಗ ನಾವು ಎಂಟು ಮಕ್ಕಳಿಗೊಂದು ಗುಂಪು ಮಾಡಿ, ಪ್ರತಿ ಟೀಚರ ಕಿಸೆಯಲ್ಲಿ ಪೂರ್ತಿ ಪಟ್ಟಿಯ ಒಂದೊಂದು ಪ್ರತಿ ಇಡುತ್ತೇವೆ. ಗುಂಪು ಬಿಟ್ಟು ಯಾವ ಮಗು ಹೋದರೂ ಸಮಯ ಮತ್ತು ಯಾರ ಜೊತೆ ಅಂತ ಹೆಸರಿನ ಎದುರು ಬರೆಯುತ್ತೇವೆ.

ನನ್ನ ಲೈನ್ ಬ್ಯುಸಿ ಇದ್ದದ್ದು ಹೆತ್ತವರಿಗಾಗಿ. ಶಾಲೆಯ ಆಫೀಸಿಗೆ ಫೋನ್ ಮಾಡಿದಾಗ ದಾಖಲಾತಿ ಪುಸ್ತಕದಿಂದ ಸಿಕ್ಕಿದ್ದು ತಂದೆಯ ನಂಬರ್. ಅವರು ದುಬೈಯಲ್ಲಿ. ನಮ್ಮ ಹನ್ನೆರಡು ಅಲ್ಲಿ ಹತ್ತೂವರೆ, ಕೆಲಸದ ಹೊತ್ತು. ಎತ್ತಲಿಲ್ಲ. ನಮ್ಮ ಊರಿನಲ್ಲಿ ಅರ್ಧ ಮಕ್ಕಳ ಕತೆ ಇದೇ ಅಲ್ವಾ. ಒಪ್ಪಿಗೆ ಪತ್ರದಲ್ಲಿ ಗಲ್ಫಿನ ನಂಬರ್ ಇರಲಿ, ಆದರೆ ಒಂದು ಗಂಟೆಯಲ್ಲಿ ಬಂದು ತಲುಪಬಲ್ಲ ಇಬ್ಬರ ನಂಬರ್ ಬೇಕೇ ಬೇಕು. ಕೊನೆಗೆ ಗೆಳತಿಗೆ ಬಾಯಿಪಾಠ ಇದ್ದ ಅವಳ ಅಮ್ಮನ ನಂಬರಿಗೆ ಮಾಡಿ, ಅವರು ಪಕ್ಕದ ಮನೆಗೆ ಓಡಿ ಫೋನ್ ಕೊಟ್ಟಾಗ 12:10.

ಅಷ್ಟರಲ್ಲಿ ಬಿದ್ದ ಹುಡುಗಿಯ ತಾಯಿಗೆ ಸುದ್ದಿ ತಲುಪಿತ್ತು. ಏಳನೆಯ ಹುಡುಗನೊಬ್ಬ ಮೊಬೈಲ್ ತಂದಿದ್ದ. ಅವನು ಮನೆಗೆ ಹೇಳಿದ್ದು ‘ಕೋಟೆಯಲ್ಲಿ ಬಿದ್ದಳು’ ಅಂತ. ಅವರಿಗೆ ಕೇಳಿದ್ದು ‘ಕೋಟೆಯಿಂದ ಬಿದ್ದಳು’ ಅಂತ. ನಾನು ‘ಗಾಬರಿ ಆಗಬೇಡಿ’ ಅಂತ ಶುರು ಮಾಡಿದೆ. ಆ ಮಾತು ಕೇಳಿದ ಮೇಲೆ ಯಾರಾದರೂ ಗಾಬರಿ ಆಗದೆ ಇರುತ್ತಾರಾ? ಮಗು ಮಾತಾಡುತ್ತಿದೆ ಅನ್ನುವುದೇ ಮೊದಲ ವಾಕ್ಯ ಆಗಬೇಕಿತ್ತು. ‘ಮಗಳು ನನ್ನ ಪಕ್ಕದಲ್ಲೇ ಕೂತಿದ್ದಾಳೆ, ಮಾತಾಡ್ತಿದ್ದಾಳೆ. ಎಡಕೈಗೆ ಪೆಟ್ಟಾಗಿದೆ. ಕಾಞಂಗಾಡಿಗೆ ಆಸ್ಪತ್ರೆಗೆ ಹೋಗ್ತಿದ್ದೇವೆ.’ ಅಷ್ಟು ಹೇಳಿ ಫೋನ್ ಮಗುವಿನ ಕಿವಿಗೆ ಹಿಡಿಯಬೇಕು. ನಾನು ಹಾಗೆ ಹಿಡಿದ ಮೇಲೆಯೇ ಅವರ ಅಳು ನಿಂತದ್ದು. ಆಮೇಲೆ ಔಷಧದ ಅಲರ್ಜಿ ಇದೆಯಾ, ಟಿಟಿ ಯಾವಾಗ ಹಾಕಿಸಿದ್ದು, ಚಿಕಿತ್ಸೆಗೆ ಒಪ್ಪಿಗೆ ಇದೆಯಾ ಅಂತ ಕೇಳಿ, ಉತ್ತರವನ್ನೂ ಸಮಯವನ್ನೂ ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಮಾವನ ಜೊತೆ ಅವರು ಎರಡು ಗಂಟೆಗೆ ಬಂದರು.

ಉಳಿದ ಮಕ್ಕಳ ಊಟದ ಬಗ್ಗೆ ಹೇಳಲೇಬೇಕು. ತಲೆಗೆ 180 ರೂಪಾಯಿಯಂತೆ ಒಂದು ಹೋಟೆಲಿಗೆ ಮುಂಗಡ ಕೊಟ್ಟಿದ್ದೆವು. ಬಸ್ಸಿಲ್ಲದೆ ಅಲ್ಲಿಗೆ ಹೋಗಲಾಗಲಿಲ್ಲ, ಅವರು ಮುಂಗಡ ವಾಪಸು ಕೊಡಲಿಲ್ಲ. ಕೋಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಪಳ್ಳಿಕ್ಕರೆ ದಾರಿಯಲ್ಲಿ, ಹೆಂಚಿನ ಮಾಡಿನ ಒಂದು ಗಂಜಿ ಅಂಗಡಿ. ಬೋರ್ಡೂ ಇಲ್ಲ. ವಯಸ್ಸಾದ ಒಬ್ಬರು ಅಮ್ಮ ಮತ್ತು ಅವರ ಸೊಸೆ. 44 ಮಕ್ಕಳನ್ನು ನೋಡಿ ಬೆದರಲಿಲ್ಲ, ಇನ್ನೊಂದು ಪಾತ್ರೆ ಒಲೆಗೆ ಇಟ್ಟರು. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಸುಟ್ಟ ಮೆಣಸಿನ ತೆಂಗಿನ ಚಟ್ನಿ, ಹಪ್ಪಳ. ತಲೆಗೆ 40 ರೂಪಾಯಿ. ಎರಡನೇ ಸಲ ಬಡಿಸಿದ್ದಕ್ಕೆ ಲೆಕ್ಕ ಇಡಲಿಲ್ಲ. ಹೆದರಿ ಅಳುತ್ತಿದ್ದ ಸಣ್ಣ ಮಕ್ಕಳು ಬಿಸಿ ಗಂಜಿ ಹೊಟ್ಟೆಗೆ ಬಿದ್ದ ಮೇಲೆ ಸುಮ್ಮನಾದರು. ಬಸ್ಸು ಮೂರಕ್ಕೆ ಬರುವ ತನಕ ಆ ಅಮ್ಮ ಒಬ್ಬರನ್ನೂ ಎಬ್ಬಿಸಲಿಲ್ಲ. ನನಗೂ ಗೆಳತಿಗೂ ಒಂದು ಬುತ್ತಿಪಾತ್ರೆಯಲ್ಲಿ ತುಂಬಿಸಿ ಆಟೋದವರ ಕೈಲಿ ಆಸ್ಪತ್ರೆಗೆ ಕಳಿಸಿದರು. ಅಂಥ ಚಟ್ನಿ ನಾನು ಬೇರೆ ಕಡೆ ತಿಂದಿಲ್ಲ. ಬೇಕಲಕ್ಕೆ ಹೋದರೆ ಊಟ ಅಲ್ಲಿಯೇ ಮಾಡಿ, ಒಂದು ದಿನ ಮೊದಲು ಹೇಳಿ ಹೋಗಿ.

ಸೋಮವಾರ ಮುಖ್ಯೋಪಾಧ್ಯಾಯರಿಗೆ ವರದಿ ಕೊಟ್ಟೆ. ಅದನ್ನು ಶನಿವಾರ ರಾತ್ರಿಯೇ ಬರೆದಿದ್ದೆ. ಫೋನಿನ ಕಾಲ್ ಲಿಸ್ಟ್ ನೋಡಿ ಸಮಯ ಹಾಕಿದೆ, ನೆನಪಿನಿಂದ ಹಾಕಿದ್ದರೆ ಹತ್ತಿಪ್ಪತ್ತು ನಿಮಿಷ ತಪ್ಪುತ್ತಿತ್ತು. ಮೊದಲ ಪ್ರತಿಯಲ್ಲಿ ‘ಓಡುವಾಗ ಜಾರಿ ಬಿದ್ದಳು’ ಅಂತಿತ್ತು. ಅವರು ಕೇಳಿದರು:

‘ಟೀಚರ್, ಓಡಿದ್ದು ನೀವು ನೋಡಿದ್ದೀರಾ?’

ನೋಡಿರಲಿಲ್ಲ. ಆ ಒಂದು ಶಬ್ದ ತಪ್ಪನ್ನು ಮಗುವಿನ ತಲೆಗೆ ಕಟ್ಟುತ್ತದೆ. ತಿದ್ದಿ ಹೀಗೆ ಬರೆದೆ:

‘11:40ಕ್ಕೆ ಕೊತ್ತಲದ ಮೆಟ್ಟಿಲು ಇಳಿಯುವಾಗ ವಿದ್ಯಾರ್ಥಿನಿ ಬಿದ್ದಳು. ಬಿದ್ದದ್ದನ್ನು ನಾನು ನೋಡಿಲ್ಲ. ಹಿಂದೆ ಇದ್ದ ಇಬ್ಬರು ವಿದ್ಯಾರ್ಥಿಗಳು, ಕಾಲು ಜಾರಿತು ಎಂದು ಹೇಳಿದ್ದಾರೆ. ಆಗ ಮೆಟ್ಟಿಲಿನ ಕೆಳಗೆ ಅಧ್ಯಾಪಕರು ಇರಲಿಲ್ಲ. ಪ್ರಜ್ಞೆ ತಪ್ಪಿಲ್ಲ, ವಾಂತಿ ಆಗಿಲ್ಲ. 11:55ಕ್ಕೆ ನಾನು ಗಾಯಗೊಂಡವಳನ್ನೂ ಇನ್ನೊಬ್ಬ ವಿದ್ಯಾರ್ಥಿನಿಯನ್ನೂ ಕರೆದುಕೊಂಡು ಹೊರಟೆ. ಎರಡನೆಯವಳ ವಿಷಯ ಇತರ ಅಧ್ಯಾಪಕರಿಗೆ ತಿಳಿಸಲಿಲ್ಲ. ಆದ್ದರಿಂದ 12:00ರ ಎಣಿಕೆಯಲ್ಲಿ 45ರ ಬದಲು 44 ಬಂದು, 12:25ರವರೆಗೆ ಹುಡುಕಾಟ ನಡೆಯಿತು.’

ಕೊನೆಯ ಎರಡು ಸಾಲು ಬೇಕಾ ಅಂತ ಅವರು ಮೆಲ್ಲಗೆ ಕೇಳಿದರು. ಆ 44 ಮಕ್ಕಳೂ ಮನೆಯಲ್ಲಿ ಹೇಳಿ ಆಗಿದೆ ಸಾರ್, ನಾವು ಬರೆಯದಿದ್ದರೆ ಮುಚ್ಚಿಟ್ಟ ಹಾಗೆ ಆಗುತ್ತದೆ ಅಂದೆ. ಅವರು ಸಹಿ ಹಾಕಿದರು. ಮೂಳೆ ಮುರಿದ ವಿಷಯವನ್ನು ನನ್ನ ಮಾತಿನಲ್ಲಿ ಬರೆಯಲಿಲ್ಲ, ಆಸ್ಪತ್ರೆಯ ಚೀಟಿಯ ಪ್ರತಿಯನ್ನೇ ಲಗತ್ತಿಸಿದೆ.

ಐದು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಬುತ್ತಿಪಾತ್ರೆ ವಾಪಸು ಕೊಡಲು ನಾನು ಹೋದ ದಿನ ಆ ಹುಡುಗಿಯೂ ಅವಳ ಅಮ್ಮನೂ ಜೊತೆಗೆ ಬಂದರು. ಗಂಜಿ ಅಂಗಡಿಯ ಅಮ್ಮ ಮೊದಲು ಅವಳ ಎಡಗೈ ಹಿಡಿದು ತಿರುಗಿಸಿ ನೋಡಿ, ಆಮೇಲೆ ಎಲ್ಲರಿಗೂ ಬಡಿಸಿದರು.