ಜೋಳದ ಗಿಡಕ್ಕೆ ಮೂರೇ ಬಣ್ಣ

ವಿಜಯಪುರದ ನಮ್ಮ ಓಣಿಯ ಅಂಗನವಾಡಿಗೆ ಜೋಳದ ಗಿಡದ ಭಾಗಗಳನ್ನು ತೋರಿಸುವ ಪೋಸ್ಟರ್ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ಎಂಟು ಬಣ್ಣಗಳಿದ್ದುದರಿಂದ ತೆನೆಗಿಂತ ಅಂಚಿನ ಗುಲಾಬಿ ಪಟ್ಟಿಯೇ ಮೊದಲು ಕಣ್ಣಿಗೆ ಬೀಳುತ್ತಿತ್ತು. ಆದ್ದರಿಂದ ಎಲೆ ಮತ್ತು ಕಾಂಡಕ್ಕೆ ಹಸಿರು, ಬೇರು ಮತ್ತು ಮಣ್ಣಿಗೆ ಕಂದು, ತೆನೆಗೆ ಹಳದಿ ಎಂದು ಮೂರನ್ನಷ್ಟೇ ಉಳಿಸಿಕೊಂಡು, ಬೇಕಾದ ತಿಳಿ ಛಾಯೆಗಳನ್ನು ಅವುಗಳಿಗೆ ಬಿಳಿ ಬೆರೆಸಿಯೇ ಪಡೆದೆ.

ಆದರೂ ಒಂದು ತೊಡಕು ಉಳಿದಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿದಾಗ ಕಾಂಡದ ಹಸಿರು ಮತ್ತು ಮಣ್ಣಿನ ಕಂದು ಒಂದೇ ಬೂದು ಬಣ್ಣವಾಗಿ ಬೆರೆತು, ಕಾಂಡ ಎಲ್ಲಿ ಮುಗಿಯಿತೆಂಬುದೇ ತಿಳಿಯಲಿಲ್ಲ. ಎರಡು ಬಣ್ಣಗಳು ಬೇರೆಯಾದರೂ ಅವುಗಳ ಗಾಢತೆ ಸಮನಾಗಿದ್ದರೆ ಮಬ್ಬು ಬೆಳಕಿನಲ್ಲಿಯೂ, ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದ ಮಗುವಿಗೂ ಹೀಗೆಯೇ ತೋರುವ ಸಂಭವವಿದೆ. ಮಣ್ಣನ್ನು ನಮ್ಮ ಎರೆಹೊಲದಷ್ಟು ಗಾಢವಾಗಿಸಿ, ಬೇರುಗಳನ್ನು ತಿಳಿಗಂದಿನಲ್ಲಿ ಬರೆದ ಮೇಲೆ ಗಡಿ ಸ್ಪಷ್ಟವಾಯಿತು.

ಬಿಳಿ ಹಾಳೆಯ ಮೇಲೆ ಹಳದಿಯಲ್ಲಿ ಬರೆದಿದ್ದ ‘ತೆನೆ’ ಎಂಬ ಪದ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಾಯವಾಗುತ್ತಿತ್ತು. ಈಗ ಅಕ್ಷರಗಳೆಲ್ಲ ಮಣ್ಣಿನ ಗಾಢ ಕಂದಿನಲ್ಲಿಯೇ ಇವೆ. ಗುಲಾಬಿ ಪಟ್ಟಿಯನ್ನು ಬಿಡಲು ಮಾತ್ರ ಸ್ವಲ್ಪ ಹೊಟ್ಟೆ ಉರಿಯಿತು.