ಮನೆಯ ಒಲೆಯ ಮೇಲೆ ಬಂಡಿಯ ಫ್ರೈಡ್ ರೈಸ್: ಈವರೆಗಿನ ಲೆಕ್ಕ

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಸಂಜೆಯಾದರೆ ನಿಲ್ಲುವ ಚೈನೀಸ್ ಬಂಡಿಗಳ ಫ್ರೈಡ್ ರೈಸ್ ಮನೆಯಲ್ಲಿ ಯಾಕೆ ಆಗುವುದಿಲ್ಲ ಎಂಬ ಹಳೆಯ ಜಗಳಕ್ಕೆ ಈ ತಿಂಗಳು ಒಂದು ಅಡುಗೆ ತಕ್ಕಡಿ ತಂದಿಟ್ಟುಕೊಂಡಿದ್ದೇನೆ. ಸಾಸ್ ಯಾವುದು, ಅಜಿನೊಮೊಟೊ ಹಾಕಬೇಕೇ ಬೇಡವೇ ಎಂಬ ಚರ್ಚೆಯನ್ನು ಸದ್ಯ ಪಕ್ಕಕ್ಕಿಟ್ಟಿದ್ದೇನೆ. ಅಳೆಯುತ್ತಿರುವುದು ನೀರನ್ನು ಮಾತ್ರ. ಕಡಾಯಿಗೆ ಬೀಳುವ ಎಲ್ಲವನ್ನೂ ಮೊದಲು ತೂಗುತ್ತೇನೆ, ತಟ್ಟೆಗೆ ಬಂದದ್ದನ್ನು ಮತ್ತೆ ತೂಗುತ್ತೇನೆ. ಕಡಿಮೆಯಾದ ತೂಕವೆಲ್ಲ ಹೆಚ್ಚುಕಡಿಮೆ ಆವಿಯಾಗಿ ಹೋದ ನೀರು.

ಒಂದು ಪ್ಲೇಟಿನ ಲೆಕ್ಕ ಹೀಗಿದೆ. ಅನ್ನ 250 ಗ್ರಾಂ, ತರಕಾರಿ 90 ಗ್ರಾಂ, ಒಂದು ಮೊಟ್ಟೆ, ಎಣ್ಣೆ ಮತ್ತು ಸಾಸ್ ಸೇರಿ 30 ಗ್ರಾಂ; ಒಟ್ಟು 420 ಗ್ರಾಂ. ದೊಡ್ಡ ಬರ್ನರ್‌ನ ಪೂರ್ತಿ ಉರಿಯಲ್ಲಿ ಮೂರು ನಿಮಿಷಕ್ಕೆ ತಟ್ಟೆಗೆ ಬಂದದ್ದು 365 ಗ್ರಾಂ. 55 ಗ್ರಾಂ ನೀರು ಹೋಗಿದೆ, ಅಗುಳುಗಳು ಬಿಡಿಯಾಗಿವೆ, ಕೆಲವುಗಳ ಅಂಚು ತುಸು ಕೆಂಪಾಗಿದೆ. ಅದೇ ಒಲೆ, ಅದೇ ಕಡಾಯಿಯಲ್ಲಿ ಎರಡು ಪ್ಲೇಟಿನಷ್ಟು ಹಾಕಿ ನಾಲ್ಕು ನಿಮಿಷ ಹುರಿದಾಗ ಹೋದದ್ದು ಒಟ್ಟು 40 ಗ್ರಾಂ, ಅಂದರೆ ಪ್ಲೇಟಿಗೆ 20 ಗ್ರಾಂ. ಅದು ಫ್ರೈಡ್ ರೈಸ್ ಅಲ್ಲ, ಸೋಯಾ ಸಾಸ್ ಹಾಕಿದ ಚಿತ್ರಾನ್ನ.

ಕಾರಣ ಸರಳ. ಒಂದು ಗ್ರಾಂ ನೀರು ಕುದಿಯುವ ಹಂತದಿಂದ ಆವಿಯಾಗಲು ಸುಮಾರು 2,260 ಜೂಲ್ ಶಾಖ ಬೇಕು. ಮನೆಯ ದೊಡ್ಡ ಬರ್ನರ್ ಸುಮಾರು 2 ಕಿಲೋವ್ಯಾಟ್ ಉರಿ ಕೊಡುತ್ತದೆ, ಅದರಲ್ಲಿ ಅರ್ಧದಷ್ಟು ಕಡಾಯಿಯ ಬದಿಯಿಂದ ಸೋರಿಹೋಗುತ್ತದೆ ಎಂದುಕೊಳ್ಳಿ. ಉಳಿದ 1 ಕಿಲೋವ್ಯಾಟ್‌ನಲ್ಲಿ 50 ಗ್ರಾಂ ನೀರನ್ನು ಓಡಿಸುವುದಕ್ಕೇ ಎರಡು ನಿಮಿಷ ಹತ್ತಿರ ಬೇಕು. ಅದಕ್ಕೂ ಮೊದಲು ಫ್ರಿಜ್‌ನಿಂದ ಬಂದ ಅನ್ನವೆಲ್ಲ ಬಿಸಿಯಾಗಬೇಕು. ಅನ್ನ ದುಪ್ಪಟ್ಟಾದರೆ ಶಾಖದ ಬಹುಪಾಲು ಅದನ್ನು ಬಿಸಿ ಮಾಡುವುದರಲ್ಲೇ ಮುಗಿಯುತ್ತದೆ. ಪಾತ್ರೆಯಲ್ಲಿ ನೀರು ನಿಂತಿರುವವರೆಗೆ ತಳದ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ಸುತ್ತುತ್ತಿರುತ್ತದೆ. ಕೆಂಪಾಗುವುದು, ಪರಿಮಳ ಬರುವುದು 140ರ ಮೇಲೆ. ಬಂಡಿಯವರು ನಾಲ್ಕು ಪ್ಲೇಟ್ ಒಟ್ಟಿಗೆ ಹುರಿಯಬಲ್ಲರು, ಏಕೆಂದರೆ ಅವರ ಹೈ ಪ್ರೆಷರ್ ಬರ್ನರ್ ನಮ್ಮದಕ್ಕಿಂತ ಹಲವು ಪಟ್ಟು ಉರಿ ಕೊಡುತ್ತದೆ. ಮನೆಯಲ್ಲಿ ಒಂದು ಸಲಕ್ಕೆ ಒಂದೇ ಪ್ಲೇಟ್. ನಾಲ್ಕು ಜನರಿದ್ದರೆ ನಾಲ್ಕು ಸಲ. ಹೆಂಡತಿಗೆ ಇದು ಸರಿಬಂದಿಲ್ಲ: «ಕೊನೆಯವರು ಊಟಕ್ಕೆ ಕೂರುವ ಹೊತ್ತಿಗೆ ಮೊದಲನೆಯವರು ಮಲಗಿರುತ್ತಾರೆ, ನೋಡಿ.» ತರಕಾರಿಯನ್ನು ಮೊದಲೇ ಕತ್ತರಿಸಿ ಬಟ್ಟಲುಗಳಲ್ಲಿಟ್ಟರೆ ಅಷ್ಟೇನೂ ತಡವಾಗುವುದಿಲ್ಲ ಎಂಬುದು ನನ್ನ ವಾದ.

ಅನ್ನದ ಬಗ್ಗೆ. ಸೋನಾ ಮಸೂರಿಯಲ್ಲೇ ಮಾಡುತ್ತಿದ್ದೇನೆ, ಬಾಸ್ಮತಿ ಸುಲಭ ಎಂದು ಗೊತ್ತಿದ್ದರೂ. ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಎಂದಿಗಿಂತ ತುಸು ಕಡಿಮೆ ನೀರಿನಲ್ಲಿ ಬೇಯಿಸಿ, ಅಗಲವಾದ ಪರಾತದಲ್ಲಿ ತೆಳ್ಳಗೆ ಹರಡಿ ಆರಿಸುತ್ತೇನೆ. ಆವಿ ಅಡಗಿದ ಕೂಡಲೇ ಮುಚ್ಚದೆ ಫ್ರಿಜ್‌ಗೆ. ರಾತ್ರಿಯಿಡೀ ಒಳಗಿದ್ದರೆ ಪಿಷ್ಟ ಗಟ್ಟಿಯಾಗಿ, ಮೇಲ್ಮೈ ಒಣಗಿ, ಅಗುಳು ಒಂದಕ್ಕೊಂದು ಅಂಟುವುದಿಲ್ಲ. ಹಿಂದಿನ ದಿನದ ಅನ್ನವೇ ಒಳ್ಳೆಯದು ಎಂಬ ಮಾತನ್ನು ಕೇಳಿ ಅದನ್ನು ರಾತ್ರಿಯೆಲ್ಲ ಕಟ್ಟೆಯ ಮೇಲೆ ಬಿಡುವವರಿದ್ದಾರೆ. ನಮ್ಮೂರಿನ ಬೇಸಿಗೆಯಲ್ಲಿ ಅದು ಸಲ್ಲದು. ಬೇಯಿಸಿದ ಅನ್ನದಲ್ಲಿ ಬದುಕುಳಿಯುವ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಚ್ಚಗಿನ ಹವೆಯಲ್ಲಿ ಬಿಡುವ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಹುರಿಯುವ ಮುನ್ನ ಗಂಟುಗಳನ್ನು ಕೈಯಿಂದ ಒಡೆಯಬೇಕು. ಕಡಾಯಿಯಲ್ಲಿ ಸೌಟಿನಿಂದ ಒಡೆಯಹೊರಟರೆ ಅಗುಳು ಮುರಿದು ಅಂಟು ಹೊರಬರುತ್ತದೆ.

ಎಣ್ಣೆಯ ವಿಷಯದಲ್ಲಿ ಈ ಭಾಗದವರು ಎಚ್ಚರ ವಹಿಸಬೇಕು. ಗಾಣದ ಕುಸುಬೆ ಎಣ್ಣೆಯ ಮೇಲೆ ನನಗೂ ಅಭಿಮಾನವಿದೆ, ಆದರೆ ಅದು ಸಂಸ್ಕರಿಸದ ಎಣ್ಣೆ, ಬೇಗ ಹೊಗೆಯಾಡುತ್ತದೆ ಮತ್ತು ಕಹಿಯಾಗುತ್ತದೆ. ರಿಫೈನ್ಡ್ ಕುಸುಬೆ, ಸೂರ್ಯಕಾಂತಿ ಅಥವಾ ಶೇಂಗಾ ಎಣ್ಣೆ 220 ಡಿಗ್ರಿ ದಾಟಿದರೂ ತಡೆಯುತ್ತವೆ. ಕಬ್ಬಿಣದ ಕಡಾಯಿಯನ್ನು ಒಣದಾಗಿ ಕಾಯಿಸಿ, ನೀರಿನ ಹನಿ ಚಿಮುಕಿಸಿದರೆ ಅದು ಚುರ್ ಎಂದು ಆರದೆ ಗುಂಡಗೆ ಉರುಳಬೇಕು. ಆಗ ಎಣ್ಣೆ ಹಾಕಿ, ಸುತ್ತ ತಿರುಗಿಸಿ, ಎಳೆಯ ಹೊಗೆ ಏಳುತ್ತಿದ್ದಂತೆ ಮೊದಲನೆಯ ಪದಾರ್ಥ ಬೀಳಬೇಕು. ಎಣ್ಣೆ ಹಾಕಿ ಆಮೇಲೆ ಕಾಯಿಸಿದರೆ ಬದಿಯಲ್ಲಿ ಕಾವು ಏರುವ ಮುನ್ನವೇ ನಡುವಿನ ಎಣ್ಣೆ ಸುಟ್ಟಿರುತ್ತದೆ. ನಾನ್‌ಸ್ಟಿಕ್ ಪಾತ್ರೆಯನ್ನು ಇಷ್ಟು ಕಾಯಿಸಬಾರದು, ಅದರ ಲೇಪ ಹಾಳಾಗುತ್ತದೆ.

ಕ್ರಮವನ್ನೂ ನೀರೇ ನಿರ್ಧರಿಸುತ್ತದೆ. ಮೊದಲು ಮೊಟ್ಟೆ: ಹತ್ತು ಹದಿನೈದು ಸೆಕೆಂಡಿನಲ್ಲಿ ಉಬ್ಬುತ್ತದೆ, ಇನ್ನೂ ಮೆತ್ತಗಿರುವಾಗಲೇ ತೆಗೆದಿಡುತ್ತೇನೆ. ಕಡಾಯಿ ಮತ್ತೆ ಕಾದ ಮೇಲೆ ಇನ್ನಷ್ಟು ಎಣ್ಣೆ, ಗಜ್ಜರಿ, ಬೀನ್ಸ್. ಬೆಳ್ಳುಳ್ಳಿಯನ್ನು ಎಲ್ಲಕ್ಕಿಂತ ಮೊದಲು ಹಾಕುವ ರೂಢಿಯನ್ನು ಬಿಟ್ಟಿದ್ದೇನೆ. ಅಷ್ಟು ಕಾವಿನಲ್ಲಿ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗುತ್ತದೆ. ಗಜ್ಜರಿಯ ಬೆನ್ನಿಗೇ ಹಾಕಿದರೆ ಪರಿಮಳ ಉಳಿಯುತ್ತದೆ. ನಂತರ ಎಲೆಕೋಸು, ದೊಣ್ಣೆ ಮೆಣಸಿನಕಾಯಿ. ಎಲೆಕೋಸು ನೀರು ಬಿಡುವ ಪದಾರ್ಥ, ಅರ್ಧ ನಿಮಿಷ ಸಾಕು. ಉಪ್ಪನ್ನು ತರಕಾರಿಗೆ ಹಾಕಬಾರದು, ಹಾಕಿದರೆ ನೀರು ಬೇಗ ಹೊರಬರುತ್ತದೆ. ಅನ್ನ ಬಿದ್ದ ಮೇಲೆ ಉಪ್ಪು, ಬಿಳಿ ಮೆಣಸಿನ ಪುಡಿ. ಅನ್ನವನ್ನು ಬದಿಗಳವರೆಗೆ ಹರಡಿ ಎಣಿಸಿದ ಐದಾರು ಸೆಕೆಂಡು ಮುಟ್ಟದೆ ಬಿಟ್ಟು ಮಗುಚುತ್ತೇನೆ. ಒಂದೇ ಸಮನೆ ಕೈಯಾಡಿಸುವುದನ್ನು ಜನ ವೇಗ ಎಂದುಕೊಳ್ಳುತ್ತಾರೆ, ಹಾಗೆ ಮಾಡಿದರೆ ಯಾವ ಅಗುಳಿಗೂ ಲೋಹ ತಾಗುವಷ್ಟು ಹೊತ್ತು ಸಿಗುವುದಿಲ್ಲ.

ಮನೆಯ ಹತ್ತಿರದ ಬಂಡಿಯ ಮಾಸ್ಟರ್ ಒಂದು ದಿನ ನನ್ನ ಪ್ರಶ್ನೆಗಳಿಗೆ ಬೇಸತ್ತು, «ಸರ್, ಸದ್ದು ಕೇಳಿ. ಸದ್ದು ಇಳಿದರೆ ಅನ್ನ ಹೆಚ್ಚಾಯಿತು ಎಂದರ್ಥ» ಎಂದರು. ನನ್ನ ತಕ್ಕಡಿ ಹೇಳುವುದನ್ನೇ ಅವರ ಕಿವಿ ಮೊದಲೇ ಹೇಳುತ್ತದೆ. ಚಟಪಟ ಸದ್ದು ಹೋಗಿ ಬರೀ ಬುಸುಗುಟ್ಟುವಿಕೆ ಉಳಿದರೆ ನೀರು ತಳದಲ್ಲಿ ನಿಂತಿದೆ. ಆಗ ಅರ್ಧ ಅನ್ನವನ್ನು ತಟ್ಟೆಗೆ ತೆಗೆದು, ಉಳಿದದ್ದು ಮತ್ತೆ ಸದ್ದು ಮಾಡುವವರೆಗೆ ಕಾಯುವುದೊಂದೇ ದಾರಿ.

ಸೋಯಾ ಸಾಸನ್ನು ಅನ್ನದ ಮೇಲೆ ಸುರಿದರೆ ಬಿದ್ದಲ್ಲೇ ಇಂಗಿ ಕಲೆಯಾಗುತ್ತದೆ. ಅನ್ನವನ್ನು ನಡುವಿಗೆ ಸರಿಸಿ ಕಡಾಯಿಯ ಬರಿದಾದ ಬದಿಗೆ ಎರಡು ಚಮಚ ಹಾಕಿದರೆ ಅಲ್ಲಿಯೇ ಕುದಿದು, ಅದರ ಸಕ್ಕರೆ ಕೆಂಪಾಗಿ, ವಾಸನೆ ಬದಲಾಗುತ್ತದೆ. ವಿನೆಗರ್ ಆವಿಯಾಗಿ ಹಾರಿಹೋಗುವುದರಿಂದ ಅದಕ್ಕೆ ಕೊನೆಯ ಹತ್ತು ಸೆಕೆಂಡು, ಮೊಟ್ಟೆ ಮತ್ತು ಉಳ್ಳಾಗಡ್ಡಿ ತಪ್ಪಲಿನ ಜೊತೆ. ಬಂಡಿಯಲ್ಲಿ ಎಣ್ಣೆಯ ತುಂತುರಿಗೆ ಬೆಂಕಿ ಹತ್ತಿ ಬರುವ ಹೊಗೆಯ ರುಚಿ ಮಾತ್ರ ಮನೆಯಲ್ಲಿ ಬಂದಿಲ್ಲ. ಅದಕ್ಕಾಗಿ ಅಡುಗೆಮನೆಯಲ್ಲಿ ಜ್ವಾಲೆ ಎಬ್ಬಿಸುವ ಉದ್ದೇಶವೂ ಇಲ್ಲ, ಮನೆಯ ಸಿಲಿಂಡರಿಗೆ ಹೈ ಪ್ರೆಷರ್ ರೆಗ್ಯುಲೇಟರ್ ಹಾಕುವ ಉದ್ದೇಶ ಮೊದಲೇ ಇಲ್ಲ.

ನೂಡಲ್ಸ್ ಈಗಷ್ಟೇ ಹಿಡಿದಿದ್ದೇನೆ. ನಡುವೆ ತುಸು ಬಿರುಸು ಉಳಿದಿರುವಾಗಲೇ ಬಸಿದು, ತಣ್ಣೀರಿನಲ್ಲಿ ಅಂಟು ತೊಳೆದು, ಒಂದು ಚಮಚ ಎಣ್ಣೆ ಸವರಿ ಹರಡಿಟ್ಟರೆ ಅರ್ಧ ಗಂಟೆಯಲ್ಲಿ ಮೇಲ್ಮೈ ಒಣಗುತ್ತದೆ. ಕಡಾಯಿಯಲ್ಲಿ ಸೌಟಿನಿಂದ ಮಗುಚದೆ, ಇಕ್ಕಳದಿಂದ ಎತ್ತಿ ಬಿಡಬೇಕು, ಇಲ್ಲವಾದರೆ ಎಳೆಗಳು ತುಂಡಾಗುತ್ತವೆ. ಒಣಗಿಸದೆ ಹಾಕಿದ್ದು ತಳಕ್ಕೆ ಹಿಡಿದು ಸಿಪ್ಪೆಯಂತೆ ಎದ್ದು ಬಂತು, ಒಣಗಿಸಿದ್ದು ಹಿಡಿಯಲಿಲ್ಲ. ಮುಂದಿನ ವಾರ ಒಂದು ಗಂಟೆ ಹರಡಿಟ್ಟು ತೂಗುತ್ತೇನೆ, ಫ್ಯಾನಿನ ಕೆಳಗೊಮ್ಮೆ, ಫ್ಯಾನ್ ಇಲ್ಲದೆ ಒಮ್ಮೆ.